ಕ್ಯಾಪ್ಷನ್ನಿನಲ್ಲಿ ಕಳೆದುಹೋದ ಒಂದು ‘ಪಾಯಿಂಟ್’

ದಾವಣಗೆರೆ ಸುತ್ತಲಿನ ಮೆಕ್ಕೆಜೋಳದ ಹೊಲಗಳಿಗೆ ಹೋಗಿ ರೈತರನ್ನು ಮಾತಾಡಿಸಿ ವಿಡಿಯೊ ಮಾಡುತ್ತೇನೆ. ಕ್ಯಾಪ್ಷನ್ ತಾನಾಗಿಯೇ ಬರುತ್ತದೆ, ನಾನು ಕೂತು ತಿದ್ದುತ್ತೇನೆ. ಮೆಕ್ಕೆಜೋಳ ತಿನ್ನುವ ಫಾಲ್ ಸೈನಿಕ ಹುಳುವಿನ ವಿಡಿಯೊ ತಿದ್ದುವಾಗ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಹುಳು ದೇಶದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಹಾಗಾಗಿ ನಮ್ಮ ಕಡೆ ಇದರ ಔಷಧದ ವಿಡಿಯೊ ಅಂದರೆ ಜನ ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ, ಪ್ರಮಾಣವನ್ನು ಬರೆದುಕೊಳ್ಳುತ್ತಾರೆ.

ಜಗಳೂರು ಕಡೆಯ ರೈತರೊಬ್ಬರು ಹೇಳಿದ್ದು ಇಷ್ಟು: ‘ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ, ಲೀಟರ್ ನೀರಿಗೆ ಪಾಯಿಂಟ್ ನಾಲ್ಕು ಗ್ರಾಮು, ಹದಿನೈದು ಲೀಟರ್ ಕ್ಯಾನಿಗೆ ಆರು ಗ್ರಾಮು.’ ಕ್ಯಾಪ್ಷನ್ ಕಡತದಲ್ಲಿ ಬಂದದ್ದು ಹೀಗೆ:

```
41
00:02:14,300 --> 00:02:19,900
ಎಮ್ಮೆ ಮೆಕ್ಟಿನ್ ಬೆಂಜೊ ಏಟು 5 ಕೆಜಿ
ಲೀಟರ್ ನೀರಿಗೆ 4 ಗ್ರಾಂ

42
00:02:20,100 --> 00:02:23,000
15 ಲೀಟರ್ ಕ್ಯಾನಿಗೆ ಆರು ಗ್ರಾಮ
```

‘ಎಮ್ಮೆ’ ಕಣ್ಣಿಗೆ ತಕ್ಷಣ ಹೊಡೆಯಿತು, ತಿದ್ದಿದೆ. ‘ಎಸ್‌ಜಿ’ ಹೋಗಿ ‘ಕೆಜಿ’ ಆದದ್ದೂ ಸಿಕ್ಕಿತು. ‘4 ಗ್ರಾಂ’ ಮಾತ್ರ ದಾಟಿಹೋಯಿತು, ಏಕೆಂದರೆ ಅದು ತಪ್ಪಿನ ಹಾಗೆ ಕಾಣುವುದೇ ಇಲ್ಲ. ಅವರು ಬೇಗಬೇಗ ಹೇಳಿದ್ದ ‘ಪಾಯಿಂಟ್’ ಬಿದ್ದುಹೋಗಿ ಪ್ರಮಾಣ ಹತ್ತು ಪಟ್ಟು ಏರಿತ್ತು.

ಹಾಕುವ ಮೊದಲು ಸದ್ದು ಬಂದ್ ಮಾಡಿ ಚಿಕ್ಕಪ್ಪನಿಗೆ ತೋರಿಸುವುದು ನನ್ನ ರೂಢಿ. ಅವರೂ ಜೋಳ ಹಾಕುವವರು. ಅಲ್ಲಿಗೆ ಬಂದು ನಿಲ್ಲಿಸಿದರು. ‘ಲೀಟರಿಗೆ ನಾಲ್ಕು ಅಂದ್ರೆ ಕ್ಯಾನಿಗೆ ಅರವತ್ತು ಆಗ್ತತಿ. ಕೆಳಗೆ ಆರು ಅಂತ ಐತಲ್ಲಪ, ಯಾವುದು ಖರೆ?’ ಅಂದರು. ಹದಿನೈದನ್ನು 0.4ರಿಂದ ಗುಣಿಸಿದರೆ ಆರು. ಎರಡನೆಯ ಸಾಲೇ ಮೊದಲ ಸಾಲಿನ ತಪ್ಪನ್ನು ಹಿಡಿದುಕೊಟ್ಟಿತ್ತು.

ಅಂದಿನಿಂದ ಅಂಕಿಗಳನ್ನು ಹುಡುಕುವ ಬಗೆಯನ್ನೇ ಬದಲಿಸಿದೆ. ಮೊದಲು ಅಂಕಿಗಳ ಮೇಲೆ ಕಣ್ಣಾಡಿಸುತ್ತಿದ್ದೆ. ಈಗ ಅಳತೆಯ ಪದಗಳನ್ನು ಹುಡುಕುತ್ತೇನೆ: ಗ್ರಾ, ಲೀಟರ್, ಎಕರೆ, ಕ್ವಿಂಟಲ್, ದಿನ, ಸಲ. ‘ಗ್ರಾಂ’ ಅಂತ ಪೂರ್ತಿ ಹುಡುಕಿದರೆ ಮೇಲಿನ ‘ಆರು ಗ್ರಾಮ’ ಸಿಗುವುದಿಲ್ಲ, ಅದು ಆರು ಹಳ್ಳಿಯಾಗಿ ಕೂತಿದೆ. ಒಂದೊಂದು ಸಿಕ್ಕಾಗಲೂ ಆ ಜಾಗದ ಧ್ವನಿಯನ್ನು ನಿಧಾನ ಮಾಡಿ ಕೇಳುತ್ತೇನೆ. ‘ಎರಡು ಮೂರು ಸಲ ಹೊಡೀರಿ’ ಅನ್ನುವುದು ‘23 ಸಲ’ ಆಗಿದ್ದು ಸಿಕ್ಕಿದ್ದೂ ಹೀಗೆಯೇ. ಅಂಥದ್ದನ್ನು ‘2-3 ಸಲ’ ಅಂತ ಗೆರೆ ಹಾಕಿ ಬರೆಯುತ್ತೇನೆ. ‘ಎರಡೂವರೆ’ಯನ್ನು ಅಕ್ಷರದಲ್ಲೇ ಬಿಡುತ್ತೇನೆ, ನಮ್ಮ ಜನ ಓದುವುದು ಹಾಗೆಯೇ. ಔಷಧದ ಪ್ರಮಾಣ ಮಾತ್ರ ಯಾವಾಗಲೂ ಅಂಕಿಯಲ್ಲಿ, ಚುಕ್ಕಿಗೆ ಮುಂಚೆ ಸೊನ್ನೆ ಸೇರಿಸಿ: 0.4. ಬರೀ ‘.4’ ಇದ್ದರೆ ಮೊಬೈಲಿನಲ್ಲಿ ಚುಕ್ಕಿ ಕಾಣುವುದಿಲ್ಲ.

ಊರ ಹೆಸರುಗಳದು ಬೇರೆಯೇ ಗೋಳು. ಜಗಳೂರು ‘ಜಗಳ ಊರು’ ಆಗುತ್ತದೆ, ಆನಗೋಡು ‘ಆನೆ ಗೂಡು’ ಆಗುತ್ತದೆ. ಒಂದೇ ಏಟಿಗೆ ಎಲ್ಲವನ್ನೂ ಬದಲಿಸೋಣ ಅಂದರೆ ಕನ್ನಡದಲ್ಲಿ ಹೆಸರು ಒಂದೇ ರೂಪದಲ್ಲಿ ನಿಲ್ಲುವುದಿಲ್ಲ: ಜಗಳೂರಿನಲ್ಲಿ, ಜಗಳೂರಿಗೆ, ಜಗಳೂರಿಂದ. ಅದಕ್ಕೆ ಕೊನೆಯ ಉಕಾರ ಬಿಟ್ಟು ‘ಜಗಳ ಊರ’ ಅಂತ ಹುಡುಕಿ ‘ಜಗಳೂರ’ ಅಂತ ಹಾಕುತ್ತೇನೆ. ತುಣುಕು ತೀರಾ ಚಿಕ್ಕದಿರಬಾರದು. ಮಾಯಕೊಂಡ ‘ಮಾಯ ಕುಂಡ’ ಆಗಿತ್ತೆಂದು ಒಮ್ಮೆ ಬರೀ ‘ಕುಂಡ’ವನ್ನು ‘ಕೊಂಡ’ ಮಾಡಿದೆ. ಹೂವಿನ ಕುಂಡಗಳೆಲ್ಲ ಕೊಂಡಗಳಾದವು. ಈಗ ಒಂದೊಂದನ್ನೂ ನೋಡಿಯೇ ಒಪ್ಪುತ್ತೇನೆ.

ಇಂಗ್ಲಿಷ್ ಪದಗಳನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ, ಆದರೆ ಔಷಧದ ಹೆಸರನ್ನು ಕಿವಿ ನಂಬಿ ಬರೆಯುವುದಿಲ್ಲ. ಚಿತ್ರೀಕರಣದ ದಿನವೇ ಪೊಟ್ಟಣದ ಫೋಟೊ ತೆಗೆದುಕೊಳ್ಳುತ್ತೇನೆ. ಹೆಸರಿನ ಜೊತೆಗಿನ 5 ಎಸ್‌ಜಿ ಕೂಡ ಅದರಿಂದಲೇ: 5 ಅಂದರೆ ನೂರಕ್ಕೆ ಐದರಷ್ಟು ಮದ್ದು, ಎಸ್‌ಜಿ ಅಂದರೆ ನೀರಿನಲ್ಲಿ ಕರಗುವ ಹರಳು. ಇನ್ನೊಂದು ತೊಡಕು: ‘ಎಸ್‌ಜಿ’ಯ ನಡುವೆ ಎರಡನ್ನೂ ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಅದು ಇಲ್ಲದಿದ್ದರೆ ‘ಎಸ್ಜಿ’ ಅಂತ ಒತ್ತಕ್ಷರವಾಗುತ್ತದೆ, ಹುಡುಕಿದರೂ ಸಿಗುವುದಿಲ್ಲ. ಎರಡೂ ರೂಪ ಹುಡುಕಬೇಕು.

ಧ್ವನಿ ಎಷ್ಟು ಸಲ ಕೇಳಿದರೂ ಪ್ರಮಾಣ ತಿಳಿಯದಿದ್ದರೆ ಊಹಿಸುವುದಿಲ್ಲ. ಮಾತಾಡಿದವರಿಗೇ ಫೋನ್ ಮಾಡುತ್ತೇನೆ, ಪೊಟ್ಟಣದ ಚೀಟಿಯ ಜೊತೆ ತಾಳೆ ನೋಡುತ್ತೇನೆ. ಎರಡೂ ಕೂಡದಿದ್ದರೆ ಆ ಮಾತನ್ನು ವಿಡಿಯೊದಿಂದಲೇ ಕತ್ತರಿಸುತ್ತೇನೆ.