ಬೋಡೆ ರೇಖೆ 48 ಡಿಬಿ ಮೇಲೆ ಕೂತಿದ್ದಕ್ಕೆ ಕಾರಣ

```
G(s) = 2500(s+2) / (s(s+10)(s+50))
```

ಕೈಯಲ್ಲಿ ಬರೆದ ರೇಖೆಯ ಆಕಾರ ಸರಿಯಿತ್ತು, ಆದರೆ ಕಂಪ್ಯೂಟರ್ ಗ್ರಾಫಿಗಿಂತ ಪೂರ್ತಿ 48 ಡಿಬಿ ಮೇಲಿತ್ತು. ತಿರುವಿನ ಆವರ್ತನಗಳನ್ನು ಮತ್ತೆ ನೋಡಿದೆ. ಒಂದೊಂದು ಪೋಲ್, ಜೀರೋಗೂ ಬೇರೆ ಗೆರೆ ಎಳೆದು ಕೂಡಿಸಿದೆ. ಸುಮ್ನೆ ಹಾಳೆ ಖರ್ಚಾಯಿತು.

ತಪ್ಪಿದ್ದದ್ದು ಗೇನ್‌ನಲ್ಲಿ. 2500ಕ್ಕೇ ಲಾಗ್ ತೆಗೆದಿದ್ದೆ. ಮೊದಲು ಪ್ರತಿ ಆವರಣದಿಂದ ಸ್ಥಿರಾಂಕ ಹೊರಗೆ ತೆಗೆಯಬೇಕು:

```
10(1+s/2) / (s(1+s/10)(1+s/50))
```

ಈಗ ಗೇನ್ 10, ಅಂದರೆ 20 ಡಿಬಿ. ω=1ರಲ್ಲಿ ಆ ಚುಕ್ಕೆ ಇಟ್ಟು, ಅದರ ಮೂಲಕ ದಶಕಕ್ಕೆ −20 ಇಳಿಜಾರಿನ ಗೆರೆ ಎಳೆದೆ. 2ರ ಹೊತ್ತಿಗೆ 14 ಡಿಬಿ. ಅಲ್ಲಿ ಜೀರೋ ಬಂದು 10ರವರೆಗೆ ಗೆರೆ ಮಟ್ಟಸ. ಮತ್ತೆ −20, 50ರಲ್ಲಿ ಸರಿಯಾಗಿ 0 ಡಿಬಿ. ಆಮೇಲೆ −40.

ತಾಳೆ ನೋಡಲು ದೊಡ್ಡ ω ಸಾಕು. ಅಲ್ಲಿ ಉಳಿಯುವುದು 2500/ω² ಮಾತ್ರ, ಅಲ್ವಾ? 500ರಲ್ಲಿ 0.01, ಅಂದರೆ −40 ಡಿಬಿ. ನನ್ನ ಗೆರೆಯೂ ಅಲ್ಲೇ ಇತ್ತು.