ಖರೀದಿ ಬಿಲ್ಲುಗಳ ನಮೂದಿಗೆ ಸಹಾಯಕಿಯನ್ನು ಇಟ್ಟುಕೊಂಡ ನನ್ನ ಅನುಭವ

ವಿಜಯಪುರದಲ್ಲಿ ಅಂಗಡಿಕಾರರ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಸಲ್ಲಿಸುವುದು ನನ್ನ ವೃತ್ತಿ. ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿ ಪ್ರತಿ ತಿಂಗಳು 14ರಂದು ಜಿಎಸ್‌ಟಿ ಪೋರ್ಟಲ್ಲಿನಲ್ಲಿ ತಯಾರಾಗುತ್ತದೆ, 20ರೊಳಗೆ ತಿಂಗಳ ರಿಟರ್ನ್ ಆದ 3ಬಿ ಸಲ್ಲಿಸಬೇಕು. ಆ ವೇಳೆಗೆ ಖರೀದಿ ಬಿಲ್ಲುಗಳೆಲ್ಲ ಲೆಕ್ಕದ ತಂತ್ರಾಂಶವಾದ ಟ್ಯಾಲಿಗೆ ಏರಿರಬೇಕಾದ್ದರಿಂದ ಆ ನಮೂದಿನ ಕೆಲಸಕ್ಕಷ್ಟೇ ಬಿ.ಕಾಂ. ಓದುತ್ತಿರುವ ಒಬ್ಬ ಹುಡುಗಿಯನ್ನು ನೇಮಿಸಿಕೊಂಡೆ.

ಸಂಬಳವನ್ನು ಬಿಲ್ಲಿಗಿಷ್ಟು ಎಂದು ನಿಗದಿ ಮಾಡಲಿಲ್ಲ. ಹಾಗೆ ಮಾಡಿದರೆ ಕೈ ಓಡುತ್ತದೆಯೇ ಹೊರತು ಅನುಮಾನ ಬಂದಲ್ಲಿ ನಿಲ್ಲುವುದಿಲ್ಲ. ಅರ್ಧ ದಿನಕ್ಕೆ 400 ರೂಪಾಯಿ ಕೊಡುತ್ತೇನೆ. ಕಲಿಯುವ ದಿನಗಳಿಗೂ, ತಪ್ಪು ತಿದ್ದುವ ಹೊತ್ತಿಗೂ ಅದೇ ದರ.

ತರಬೇತಿಗೆ ಹಿಂದಿನ ವರ್ಷದ ಬಿಲ್ಲುಗಳನ್ನೇ ಕೊಟ್ಟು, ಟ್ಯಾಲಿಯಲ್ಲೇ ಅಭ್ಯಾಸಕ್ಕೆಂದು ತೆರೆದ ಪ್ರತ್ಯೇಕ ಕಂಪನಿಯೊಂದರಲ್ಲಿ ನಮೂದಿಸಲು ಹೇಳಿ, ಮುಗಿಸಿದ್ದ ಲೆಕ್ಕದೊಂದಿಗೆ ಆಕೆಯೇ ಹೋಲಿಸಿಕೊಳ್ಳುವಂತೆ ಮಾಡಿದೆ. ನಿಜವಾದ ಕೆಲಸ ಆರಂಭವಾದ ಮೇಲೆ ಪ್ರತಿ ಕಟ್ಟಿನ ಮೇಲೆ ಬಿಲ್ಲುಗಳ ಸಂಖ್ಯೆಯನ್ನೂ ಒಟ್ಟು ಮೊತ್ತವನ್ನೂ ಮೊದಲೇ ಬರೆದು ಕೊಡುತ್ತೇನೆ. ಬಿಟ್ಟುಹೋದ ಬಿಲ್ಲು, ಎರಡು ಸಲ ಏರಿದ ಬಿಲ್ಲು, ಅದಲುಬದಲಾದ ಅಂಕಿ ಬಹುತೇಕ ಅಲ್ಲಿಯೇ ಸಿಕ್ಕಿಬೀಳುತ್ತವೆ.

ಆದರೆ ಒಟ್ಟು ಮೊತ್ತ ಹಿಡಿಯಲಾರದ ತಪ್ಪೊಂದಿದೆ, ನಮ್ಮ ಗಡಿ ಜಿಲ್ಲೆಯಲ್ಲಿ ಅದೇ ಹೆಚ್ಚು. ಬಟ್ಟೆ ಅಂಗಡಿಯೊಂದಕ್ಕೆ ಸೊಲ್ಲಾಪುರದಿಂದ 40,000 ರೂಪಾಯಿಯ ಟವೆಲ್ ಬಂದಿದ್ದವು, ಬಿಲ್ಲಿನಲ್ಲಿ ಹೊರರಾಜ್ಯದ ಖರೀದಿಗೆ ಬೀಳುವ ಐಜಿಎಸ್‌ಟಿ ಶೇ. 5ರಂತೆ 2,000 ಇತ್ತು. ಆಕೆ ಅದನ್ನು ರಾಜ್ಯದೊಳಗಿನ ಖರೀದಿಯಂತೆ ಸಿಜಿಎಸ್‌ಟಿ 1,000, ಎಸ್‌ಜಿಎಸ್‌ಟಿ 1,000 ಎಂದು ನಮೂದಿಸಿದ್ದಳು. “ಸರ್, ಟೋಟಲ್ ಸರಿ ಬಂದೈತ್ರಿ” ಎಂದಳು. ಎರಡೂ ರೀತಿಯಲ್ಲಿ ಮೊತ್ತ 42,000ವೇ ಆಗುವುದರಿಂದ ಆ ಮಾತು ನಿಜವೇ ಆಗಿತ್ತು. 2ಬಿಯೊಂದಿಗೆ ತಾಳೆ ನೋಡುವಾಗ ಮಾತ್ರ ವ್ಯತ್ಯಾಸ ಕಂಡಿತು. ಹಾಗೆಯೇ ಬಿಟ್ಟಿದ್ದರೆ ಪುಸ್ತಕದ ಹೂಡುವಳಿ ತೆರಿಗೆಯೂ ಪೋರ್ಟಲ್ಲಿನದೂ ಬೇರೆಬೇರೆ ಶೀರ್ಷಿಕೆಯಡಿ ಉಳಿಯುತ್ತಿದ್ದವು. ಎಸ್‌ಜಿಎಸ್‌ಟಿ ಜಮೆಯನ್ನು ಸಿಜಿಎಸ್‌ಟಿ ಕಟ್ಟಲು ಬಳಸುವಂತಿಲ್ಲವಾದ್ದರಿಂದ ಇದು ಬರಿಯ ಹೆಸರಿನ ವ್ಯತ್ಯಾಸವಲ್ಲ.

ಮೂಲ ಹುಡುಕಿದಾಗ, ಹೊಸ ಪಾರ್ಟಿಯ ಲೆಡ್ಜರ್ ತೆರೆಯುವಾಗ ರಾಜ್ಯದ ಜಾಗದಲ್ಲಿ ಕರ್ನಾಟಕವೇ ಉಳಿದಿತ್ತು. ಅಂದಿನಿಂದ ಹೊಸ ಲೆಡ್ಜರ್ ತೆರೆಯುವುದು ನನ್ನ ಕೆಲಸ. ಹೊಸ ಪಾರ್ಟಿಯ ಬಿಲ್ಲು ಬಂದರೆ ಆಕೆ ಅದಕ್ಕೆ ಚೀಟಿ ಹಚ್ಚಿ ಬದಿಗಿಡುತ್ತಾಳೆ. ಜಿಎಸ್‌ಟಿ ಸಂಖ್ಯೆಯ ಮೊದಲೆರಡು ಅಂಕಿ 29 ಇದ್ದರೆ ಕರ್ನಾಟಕ, 27 ಇದ್ದರೆ ಮಹಾರಾಷ್ಟ್ರ. ಮೊತ್ತಕ್ಕಿಂತ ಮೊದಲು ಅದನ್ನು ನೋಡುವುದು ಈಗ ಆಕೆಗೆ ರೂಢಿಯಾಗಿದೆ.

ದೊಡ್ಡ ಮೊತ್ತದ ಬಿಲ್ಲುಗಳನ್ನೆಲ್ಲ ನಾನೇ ನೋಡುತ್ತೇನೆ, ಉಳಿದವುಗಳಲ್ಲಿ ಹತ್ತಕ್ಕೊಂದನ್ನು ತೆಗೆದು ಪರೀಕ್ಷಿಸುತ್ತೇನೆ. ಟ್ಯಾಲಿಯಲ್ಲಿ ಆಕೆಗೆ ಪ್ರತ್ಯೇಕ ಲಾಗಿನ್ ಇದೆ, ನಮೂದನ್ನು ಅಳಿಸುವ ಅಧಿಕಾರವಿಲ್ಲ. ಗ್ರಾಹಕರ ಪೋರ್ಟಲ್ ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡುವುದಿಲ್ಲ. ರಿಟರ್ನ್ ಸಲ್ಲಿಸುವ ಹೊಣೆ ನನ್ನದೇ.