ಅಲ್ಟ್ರಾ ವೈಡ್‌ಬ್ಯಾಂಡ್ ಚಿಪ್ ಯಾರಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ?

ಇನ್ನೊಂದು ಸಾಧನ ಎಷ್ಟು ದೂರದಲ್ಲಿ, ಯಾವ ದಿಕ್ಕಿನಲ್ಲಿದೆ ಎಂದು ರೇಡಿಯೊ ಅಲೆಗಳಿಂದ ಅಳೆಯುವ ಈ ಚಿಪ್‌ಗಾಗಿಯೇ ದುಬಾರಿ ಫೋನ್ ಕೊಳ್ಳಲು ಯೋಚಿಸುತ್ತಿರುವವರು, ಅದು ಹತ್ತಿರದ ಅಂತರದಲ್ಲಿ ಮಾತ್ರ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಬಸ್ಸಿನಲ್ಲಿ ಬಿಟ್ಟುಬಂದ ಚೀಲ ಎಲ್ಲಿದೆಯೆಂದು ನಕ್ಷೆಯಲ್ಲಿ ಕಾಣುವುದು, ಅದಕ್ಕೆ ಸಿಕ್ಕಿಸಿದ ಪತ್ತೆಹಚ್ಚುವ ಪುಟ್ಟ ಟ್ಯಾಗ್‌ನ ಬ್ಲೂಟೂತ್ ಸಂಕೇತವನ್ನು ಸುತ್ತಲಿನವರ ಫೋನ್‌ಗಳು ಗ್ರಹಿಸುವುದರಿಂದಲೇ ಹೊರತು ಈ ಚಿಪ್‌ನಿಂದಲ್ಲ. ಸೋಫಾದ ಸಂದಿಗೆ ಜಾರಿದ ಕೀಗೊಂಚಲಿನತ್ತ ಬಾಣದ ಗುರುತು ತೋರಿಸಲು ಫೋನ್ ಮತ್ತು ಟ್ಯಾಗ್ ಎರಡರಲ್ಲೂ ಚಿಪ್ ಇರಬೇಕು. ಆದರೆ ಅಲ್ಲಿ ಟ್ಯಾಗ್‌ನಿಂದ ಸದ್ದು ಮಾಡಿಸಿದರೂ ಸಾಮಾನ್ಯವಾಗಿ ಸಾಕಾಗುತ್ತದೆ. ಕಿವಿ ಮಂದವಾಗಿರುವವರಿಗೆ ಮಾತ್ರ ಆ ಬಾಣ ದೊಡ್ಡ ಆಸರೆ.

ನನ್ನ ದೃಷ್ಟಿಯಲ್ಲಿ ಇದರ ಹೆಚ್ಚಿನ ಲಾಭ, ಫೋನನ್ನೇ ಕೀಯಾಗಿ ಇಟ್ಟುಕೊಂಡು ಹತ್ತಿರ ಹೋದೊಡನೆ ತಾನೇ ತೆರೆದುಕೊಳ್ಳುವ ಕಾರು ಉಳ್ಳವರಿಗೆ. ಮನೆಯೊಳಗಿರುವ, ಈ ಚಿಪ್ ಇಲ್ಲದ ಸಾಮಾನ್ಯ ರಿಮೋಟ್ ಕೀಯ ಸಂಕೇತವನ್ನು ಬಾಗಿಲ ಬಳಿ ನಿಂತ ಕಳ್ಳನೊಬ್ಬ ಹಿಡಿದು, ಕಾರಿನ ಬಳಿಯಿರುವ ಜೊತೆಗಾರನ ಸಾಧನಕ್ಕೆ ರವಾನಿಸಿದರೆ, ಕೀ ಪಕ್ಕದಲ್ಲೇ ಇದೆಯೆಂದು ಕಾರು ನಂಬಿಬಿಡುತ್ತದೆ. ಅಲ್ಟ್ರಾ ವೈಡ್‌ಬ್ಯಾಂಡ್ ಚಿಪ್, ಸಂಕೇತದ ಬಲವನ್ನು ನೆಚ್ಚಿಕೊಳ್ಳದೆ ಅದು ಹೋಗಿಬರುವ ಸಮಯವನ್ನು ಅಳೆಯುತ್ತದೆ. ರೇಡಿಯೊ ಅಲೆ ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುವುದರಿಂದ, ನಡುವೆ ಯಾರೇ ರವಾನಿಸಿದರೂ ಸಮಯ ಹೆಚ್ಚಾಗಿ ಕೀ ದೂರವಿರುವುದು ಬಯಲಾಗುತ್ತದೆ.

ಆದರೆ ‘ಡಿಜಿಟಲ್ ಕೀ’ ಎಂದು ಬರೆದಿರುವ ಕಾರುಗಳಲ್ಲೆಲ್ಲ ಈ ಚಿಪ್ ಇರುವುದಿಲ್ಲ. ಫೋನನ್ನು ಬಾಗಿಲ ಹಿಡಿಕೆಗೆ ತಾಗಿಸಿದರೆ ಮಾತ್ರ ತೆರೆಯುವುದಾದರೆ ಅದು ತಾಗಿಸಿ ಹಣ ಪಾವತಿಸುವಾಗ ಬಳಸುವ ಎನ್‌ಎಫ್‌ಸಿ ತಂತ್ರಜ್ಞಾನದ ಕೀ. ಅಂಥ ಕಾರಿಗಾಗಿ ಈ ಚಿಪ್ ಇರುವ ಫೋನ್ ಕೊಳ್ಳುವ ಅಗತ್ಯವಿಲ್ಲ.